ಕ್ಲೌಡ್ ಪ್ಲಾನ್ ನಿಲ್ಲಿಸುವ ಮುಂಚೆ, ಫೆಬ್ರವರಿ 3ರ ರಾತ್ರಿ ಎಲ್ಲಿದೆ ನೋಡಿ

ಪ್ರಶ್ನೆ: ಸರ್, ಸಾಗರದ ಹತ್ತಿರ ನಮ್ಮ ಊರಿನ ಮನೆಯಲ್ಲಿ ಅಪ್ಪ-ಅಮ್ಮ ಇಬ್ಬರೇ ಇದ್ದಾರೆ. ಅಂಗಳಕ್ಕೊಂದು, ಗೇಟಿಗೊಂದು ವೈಫೈ ಕ್ಯಾಮೆರಾ ಹಾಕಿಸಿದ್ದೇನೆ. ಎರಡರಲ್ಲೂ 64 ಜಿಬಿ ಕಾರ್ಡ್ ಇದೆ, ಜೊತೆಗೆ 30 ದಿನದ ಕ್ಲೌಡ್ ಪ್ಲಾನ್. ತಿಂಗಳು ತಿಂಗಳು ದುಡ್ಡು ಕಟ್ ಆಗ್ತಿದೆ, ಮಾರ್ಚ್ 2ಕ್ಕೆ ಮತ್ತೆ ಆಗುತ್ತೆ. ನಿಲ್ಲಿಸೋಣ ಅಂತಿದ್ದೇನೆ. ಆದರೆ ಫೆಬ್ರವರಿ 3ರ ರಾತ್ರಿ ಅಂಗಳದಿಂದ ಎರಡು ಮೂಟೆ ಅಡಿಕೆ ಕಳುವಾಯಿತು. ಅಪ್ಪ ದೂರು ಕೊಟ್ಟಿದ್ದಾರೆ. ಪ್ಲಾನ್ ನಿಲ್ಲಿಸಿದರೆ ಆ ವಿಡಿಯೋ ಹೋಗುತ್ತಾ? ಕಾರ್ಡಿನಲ್ಲಿ ಉಳಿಯುತ್ತಾ? (ಬೆಂಗಳೂರಿನಿಂದ ಒಬ್ಬ ಓದುಗರು, ಫೆಬ್ರವರಿ 22)

ಉತ್ತರ: ಪ್ಲಾನ್ ನಿಲ್ಲಿಸಬಹುದು. ಆದರೆ ಆ ರಾತ್ರಿಯ ವಿಡಿಯೋ ಮೊದಲು ನಿಮ್ಮ ಕೈಗೆ ಬರಬೇಕು, ಅದು ಸರಿಯಾಗಿ ತೆರೆದುಕೊಳ್ಳಬೇಕು. ಆಮೇಲೆ ರದ್ದು. ಈ ಕ್ರಮ ತಪ್ಪಿದರೆ ಕಳೆದುಕೊಂಡದ್ದನ್ನು ಯಾರೂ ವಾಪಸ್ ತಂದುಕೊಡಲಾರರು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿಸಿಕೊಳ್ಳೋಣ. ಕ್ಲೌಡ್‌ನಲ್ಲಿರುವುದೇ ಕಾರ್ಡಿನಲ್ಲೂ ಇರುತ್ತದೆ, ಒಂದು ಹೋದರೆ ಇನ್ನೊಂದು ಇದ್ದೇ ಇರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಬೆಳಿಗ್ಗೆ ಕರೆದ ಹಾಲಿನಲ್ಲಿ ಸ್ವಲ್ಪ ಡೈರಿಗೆ ಹಾಕುತ್ತೀರಿ, ಸ್ವಲ್ಪ ಮನೆಗೆ ಇಟ್ಟುಕೊಳ್ಳುತ್ತೀರಿ. ಹಾಲು ಒಂದೇ ಹಸುವಿನದು, ಆದರೆ ಡೈರಿಗೆ ಹೋದದ್ದು ಸಂಜೆ ಮನೆಯ ಪಾತ್ರೆಗೆ ಬಂದು ಬೀಳುವುದಿಲ್ಲ. ಕ್ಯಾಮೆರಾ ಮಾಡುವುದೂ ಇದನ್ನೇ. ಒಂದು ಪ್ರತಿಯನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸುತ್ತದೆ, ಇನ್ನೊಂದನ್ನು ಒಳಗಿನ ಮೈಕ್ರೋ ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. ಪ್ಲಾನ್ ಮುಗಿದ ದಿನ ಸರ್ವರ್‌ನಲ್ಲಿದ್ದದ್ದು ಕಾರ್ಡಿಗೆ ಇಳಿಯುವುದಿಲ್ಲ. ಕಾರ್ಡಿನಲ್ಲಿದ್ದದ್ದು ಪ್ಲಾನ್ ಮುಗಿಯಿತು ಅಂತ ಅಳಿಯುವುದೂ ಇಲ್ಲ.

ಎರಡೂ ಒಂದೇ ಥರ ರೆಕಾರ್ಡ್ ಮಾಡುವುದೂ ಇಲ್ಲ. ನಿಮ್ಮಂಥ ಮನೆ ಪ್ಲಾನ್‌ಗಳಲ್ಲಿ ಕ್ಲೌಡ್‌ಗೆ ಹೋಗುವುದು ಸಾಮಾನ್ಯವಾಗಿ ಏನಾದರೂ ಅಲುಗಾಡಿದಾಗ ಹುಟ್ಟುವ ಸಣ್ಣ ಸಣ್ಣ ತುಣುಕು. ಒಬ್ಬ ಮನುಷ್ಯ ಗೇಟಿನಿಂದ ಅಂಗಳಕ್ಕೆ ಬಂದರೆ ಒಂದು ತುಣುಕು, ಮೂಟೆ ಎತ್ತಿದಾಗ ಇನ್ನೊಂದು. ನಡುವೆ ಅವನು ಕಂಬದ ಹಿಂದೆ ಸುಮ್ನೆ ನಿಂತಿದ್ದರೆ ಆ ಹೊತ್ತು ಕ್ಲೌಡ್‌ನಲ್ಲಿ ಇಲ್ಲದೆಯೂ ಇರಬಹುದು. ಕಾರ್ಡನ್ನು ಮಾತ್ರ ಎರಡು ಥರ ಇಡಬಹುದು. ದಿನವಿಡೀ ನಿಲ್ಲದೆ ಬರೆಯುವಂತೆಯೂ ಇಡಬಹುದು, ಅಲುಗಾಟ ಕಂಡಾಗ ಮಾತ್ರ ಬರೆಯುವಂತೆಯೂ ಇಡಬಹುದು. ನಿಮ್ಮ ಎರಡು ಕ್ಯಾಮೆರಾಗಳಲ್ಲಿ ಯಾವುದು ಹೇಗಿದೆ ಅನ್ನುವುದರ ಮೇಲೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಂತಿದೆ.

ಈಗ ನಿಮ್ಮ ಲೆಕ್ಕ ಮಾಡೋಣ. ಫೆಬ್ರವರಿ 3ರ ವಿಡಿಯೋ ಮೇಲೆ ಮೂರು ಗಡುವು ಒಟ್ಟಿಗೆ ಓಡುತ್ತಿವೆ.

ಮೊದಲನೆಯದು ಪ್ಲಾನಿನ 30 ದಿನ. 30 ದಿನದ ಪ್ಲಾನ್ ಅಂದರೆ ದುಡ್ಡು ಕಟ್ಟುವವರೆಗೂ ಎಲ್ಲ ವಿಡಿಯೋ ಇಟ್ಟುಕೊಂಡಿರುತ್ತಾರೆ ಅಂತ ಅಲ್ಲ. ಪ್ರತಿ ತುಣುಕಿಗೂ 30 ದಿನದ ಆಯಸ್ಸು, ಅಷ್ಟೆ. ಹೊಸದು ಸೇರುತ್ತಾ ಹೋದಂತೆ ಹಳೆಯದು ಹಿಂದಿನಿಂದ ಉದುರುತ್ತಾ ಹೋಗುತ್ತದೆ. ಫೆಬ್ರವರಿ 3ಕ್ಕೆ 30 ದಿನ ಕೂಡಿಸಿದರೆ ಮಾರ್ಚ್ 5. ಅಂದರೆ ನೀವು ಪ್ಲಾನ್ ನಿಲ್ಲಿಸದೆ ದುಡ್ಡು ಕಟ್ಟುತ್ತಲೇ ಹೋದರೂ ಮಾರ್ಚ್ 5ರ ಹೊತ್ತಿಗೆ ಆ ರಾತ್ರಿ ಸರ್ವರ್‌ನಿಂದ ಹೋಗುತ್ತದೆ. ವಿಡಿಯೋ ಉಳಿಯಲಿ ಅಂತಲೇ ಪ್ಲಾನ್ ಮುಂದುವರಿಸುವವರಿದ್ದಾರೆ. ಅವರಿಗೆ ಈ ಮಾತು ಯಾರೂ ಹೇಳಿರುವುದಿಲ್ಲ.

ಎರಡನೆಯದು ಪ್ಲಾನ್ ಮುಗಿಯುವ ದಿನ, ನಿಮಗೆ ಮಾರ್ಚ್ 2. ಪ್ಲಾನ್ ಮುಗಿದ ಕೂಡಲೇ ಹಳೆಯ ತುಣುಕು ನೋಡುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಕೆಲವು ಕಂಪನಿಗಳು ನಾಲ್ಕಾರು ದಿನ ಹೆಚ್ಚಿಗೆ ಇಟ್ಟಿರಬಹುದು, ಕೆಲವು ಅವತ್ತೇ ಅಳಿಸಿಬಿಡುತ್ತವೆ. ಹೆಚ್ಚಿನ ದಿನವನ್ನು ಲೆಕ್ಕಕ್ಕೆ ತಗೋಬೇಡಿ. ಮಾರ್ಚ್ 5 ಮತ್ತು ಮಾರ್ಚ್ 2, ಇವೆರಡರಲ್ಲಿ ಮೊದಲು ಬರುವುದೇ ನಿಮ್ಮ ಗಡುವು. ಇವತ್ತು 22 ಅಂದರೆ ನಿಮ್ಮ ಕೈಯಲ್ಲಿ ಎಂಟು ದಿನ ಇದೆ.

ಮೂರನೆಯ ಗಡುವು ಕಾರ್ಡಿನದು. ಇದು ಕ್ಯಾಲೆಂಡರ್ ನೋಡಿ ನಡೆಯುವುದಿಲ್ಲ, ಜಾಗ ನೋಡಿ ನಡೆಯುತ್ತದೆ. ಕಾರ್ಡ್ ತುಂಬಿದ ಮೇಲೆ ಕ್ಯಾಮೆರಾ ನಿಲ್ಲುವುದಿಲ್ಲ. ಅತಿ ಹಳೆಯ ದಿನದ ಮೇಲೆ ಹೊಸದನ್ನು ಬರೆಯುತ್ತಾ ಹೋಗುತ್ತದೆ. ಮಾಮೂಲಿ 1080ಪಿ ಕ್ಯಾಮೆರಾ ಸೆಕೆಂಡಿಗೆ ಒಂದೂವರೆ ಮೆಗಾಬಿಟ್ ಬರೆಯುತ್ತದೆ ಅಂತ ಇಟ್ಟುಕೊಳ್ಳಿ. ಒಂದು ಗಂಟೆಗೆ ಸುಮಾರು 675 ಎಂಬಿ ಆಯಿತು, ದಿನಕ್ಕೆ 16 ಜಿಬಿ ಆಯಿತು. 64 ಜಿಬಿ ಕಾರ್ಡಿನಲ್ಲಿ ನಿಜವಾಗಿ ಬಳಕೆಗೆ ಸಿಗುವುದು 58 ಜಿಬಿ ಆಸುಪಾಸು. ಅಂದರೆ ನಿಲ್ಲದೆ ಬರೆಯುವ ಕ್ಯಾಮೆರಾಗೆ ಆ ಕಾರ್ಡ್ ಮೂರೂವರೆ ದಿನಕ್ಕೆ ತುಂಬುತ್ತದೆ.

ಅಂಗಳದ ಕ್ಯಾಮೆರಾ ಹೀಗೆ ನಿಲ್ಲದೆ ಬರೆಯುತ್ತಿದ್ದರೆ, ಕಳ್ಳತನ ಆಗಿ 19 ದಿನದಲ್ಲಿ ಆ ಕಾರ್ಡ್ ಐದು ಸಲ ತುಂಬಿ ತಿರುಗಿದೆ. ಫೆಬ್ರವರಿ 3 ಅದರಲ್ಲಿ ಇಲ್ಲ. ಅಳಿಸಿದ ಫೈಲ್ ವಾಪಸ್ ತೆಗೆದುಕೊಡುವ ಅಂಗಡಿಗಳಿಗೂ ಇದು ಸಿಗುವುದಿಲ್ಲ. ಅವರು ತೆಗೆಯುವುದು ಅಳಿಸಿದ ಮೇಲೆ ಆ ಜಾಗದಲ್ಲಿ ಬೇರೇನೂ ಬರೆಯದೆ ಉಳಿದದ್ದನ್ನು. ಇಲ್ಲಿ ಅದೇ ಜಾಗದ ಮೇಲೆ ಮತ್ತೆ ಮತ್ತೆ ಬರೆದಾಗಿದೆ.

ಗೇಟಿನ ಕ್ಯಾಮೆರಾ ಅಲುಗಾಟಕ್ಕೆ ಮಾತ್ರ ಬರೆಯುತ್ತಿದ್ದರೆ ಕಥೆ ಬೇರೆ. ದಿನಕ್ಕೆ ಎಲ್ಲ ಸೇರಿ ಮೂರು ಗಂಟೆ ರೆಕಾರ್ಡ್ ಆಗುತ್ತದೆ ಅಂದರೆ ಎರಡು ಜಿಬಿ. ಆ ಲೆಕ್ಕದಲ್ಲಿ ಅದೇ 64 ಜಿಬಿ ಕಾರ್ಡ್ 29 ದಿನ ಹಿಡಿದುಕೊಳ್ಳುತ್ತದೆ. ಹಾಗಿದ್ದರೆ ಫೆಬ್ರವರಿ 3 ಇನ್ನೂ ಅದರಲ್ಲಿ ಇದೆ. ಆದರೆ ಗಾಳಿಗೆ ಬಾಳೆ ಎಲೆ ಅಲುಗಿದರೂ, ನಾಯಿ ಅಡ್ಡಾಡಿದರೂ, ರಾತ್ರಿ ದೀಪದ ಮುಂದೆ ಹುಳ ಹಾರಿದರೂ ಕ್ಯಾಮೆರಾ ಬರೆಯುತ್ತದೆ. ಆಗ 29 ದಿನ ಇಪ್ಪತ್ತಕ್ಕೂ ಇಳಿಯಬಹುದು.

ಈ ಲೆಕ್ಕವೆಲ್ಲ ಅಂದಾಜು. ನಿಜ ತಿಳಿಯಲು ಆ್ಯಪ್ ತೆರೆದು, ಆ ಕ್ಯಾಮೆರಾದ ಪ್ಲೇಬ್ಯಾಕ್‌ಗೆ ಹೋಗಿ, ಕಾರ್ಡ್ ರೆಕಾರ್ಡಿಂಗ್‌ನ ಕ್ಯಾಲೆಂಡರ್ ನೋಡಿ. ರೆಕಾರ್ಡಿಂಗ್ ಇರುವ ದಿನಗಳಿಗೆ ಒಂದು ಚುಕ್ಕಿಯೋ ಬೇರೆ ಬಣ್ಣವೋ ಇರುತ್ತದೆ. ಹಿಂದಕ್ಕೆ ಹೋಗುತ್ತಾ ಅತಿ ಹಳೆಯ ದಿನ ಯಾವುದು ನೋಡಿ. ಅದೇ ಆ ಕಾರ್ಡಿನ ಅಂಚು. ನಾಳೆ ಅದು ಇನ್ನೊಂದಿಷ್ಟು ಮುಂದೆ ಸರಿದಿರುತ್ತದೆ. ಕ್ಲೌಡ್ ಮತ್ತು ಕಾರ್ಡ್ ಎರಡಕ್ಕೂ ಆ್ಯಪ್‌ನಲ್ಲಿ ಬೇರೆ ಬೇರೆ ಟ್ಯಾಬ್ ಇರುತ್ತದೆ. ಯಾವುದನ್ನು ನೋಡುತ್ತಿದ್ದೀರಿ ಅನ್ನುವುದು ಗಮನದಲ್ಲಿರಲಿ. ಕೆಲವು ಆ್ಯಪ್‌ಗಳು ಎರಡನ್ನೂ ಒಂದೇ ಗೆರೆಯ ಮೇಲೆ ಬೆರೆಸಿ ತೋರಿಸುತ್ತವೆ. ಅಂಥ ಕಡೆ ಕ್ಲೌಡ್ ತುಣುಕನ್ನೇ ಕಾರ್ಡಿನದು ಅಂದುಕೊಂಡು ಧೈರ್ಯವಾಗಿ ಪ್ಲಾನ್ ನಿಲ್ಲಿಸಿದವರನ್ನು ನೋಡಿದ್ದೇನೆ.

ಇವತ್ತೇ ಮಾಡಬೇಕಾದ ಕೆಲಸ ಎರಡು. ಒಂದು ನೀವು ಬೆಂಗಳೂರಿನಲ್ಲಿ ಕೂತೇ ಮಾಡುವಂಥದ್ದು. ಇನ್ನೊಂದಕ್ಕೆ ಊರಿನಲ್ಲಿ ಯಾರಾದರೂ ಏಣಿ ಹತ್ತಬೇಕು.

ನಿಮ್ಮ ಕೆಲಸ ಕ್ಲೌಡ್ ತುಣುಕು ಇಳಿಸಿಕೊಳ್ಳುವುದು. ಕಳ್ಳತನದ ಹತ್ತು ಸೆಕೆಂಡ್ ಮಾತ್ರ ತಗೊಂಡು ಬಿಡಬೇಡಿ. ಫೆಬ್ರವರಿ 3ರ ಸಂಜೆ ಆರರಿಂದ 4ರ ಬೆಳಿಗ್ಗೆ ಎಂಟರವರೆಗೆ ಎರಡೂ ಕ್ಯಾಮೆರಾದ ಎಲ್ಲ ತುಣುಕೂ ಬೇಕು. ಹಿಂದಿನ ಎರಡು ಮೂರು ದಿನದ್ದೂ ಒಮ್ಮೆ ನೋಡಿ. ಒಬ್ಬ ಅಪರಿಚಿತ ಸಂಜೆ ಹೊತ್ತಲ್ಲಿ ಗೇಟಿನ ಹತ್ತಿರ ಬೈಕ್ ನಿಧಾನ ಮಾಡಿ ಹೋಗಿದ್ದು ಅದರಲ್ಲಿ ಇರಬಹುದು. ಹೆಚ್ಚಿನ ಆ್ಯಪ್‌ಗಳಲ್ಲಿ ಒಂದೊಂದಾಗಿಯೇ ಇಳಿಸಬೇಕಾಗುತ್ತದೆ, ಬೇಜಾರಿನ ಕೆಲಸ. ಎರಡು ಸಂಜೆ ಇಟ್ಟುಕೊಳ್ಳಿ.

ಇಲ್ಲಿ ಎಡವುವ ಜಾಗ ಒಂದಿದೆ, ನಿಧಾನವಾಗಿ ಓದಿ. ಆ್ಯಪ್‌ನಲ್ಲಿ ಡೌನ್‌ಲೋಡ್ ಒತ್ತಿದಾಗ ವಿಡಿಯೋ ಎಷ್ಟೋ ಸಲ ಫೋನಿನ ಗ್ಯಾಲರಿಗೆ ಬರುವುದಿಲ್ಲ. ಆ್ಯಪ್‌ನ ಒಳಗೇ ಇರುವ ಆಲ್ಬಮ್‌ಗೆ ಹೋಗಿ ಕೂರುತ್ತದೆ. ನೋಡಿದರೆ ಸೇವ್ ಆಗಿದೆ ಅನ್ನಿಸುತ್ತದೆ. ಪ್ಲಾನ್ ನಿಲ್ಲಿಸಿ, ಇನ್ನು ಬೇಡ ಅಂತ ಆ್ಯಪ್ ತೆಗೆದುಹಾಕಿದ ದಿನ ಅದರ ಜೊತೆಗೇ ಆಲ್ಬಮ್ಮೂ ಹೋಗಬಹುದು. ಹಾಗಾಗಿ ಆಲ್ಬಮ್‌ನಿಂದ ಗ್ಯಾಲರಿಗೆ ಕಳಿಸಿ, ಗ್ಯಾಲರಿಯಿಂದ ಲ್ಯಾಪ್‌ಟಾಪಿಗೆ ಕೇಬಲ್ ಹಾಕಿ ಕಾಪಿ ಮಾಡಿ. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಫೋನಿನ ಫೈಲ್ಸ್‌ನಿಂದ ಆ ವಿಡಿಯೋ ತೆರೆಯಿರಿ, ಕ್ಯಾಮೆರಾ ಆ್ಯಪ್‌ನಿಂದ ಅಲ್ಲ. ನೆಟ್ ಇಲ್ಲದೆ ಕೊನೆಯವರೆಗೂ ಓಡಿತು ಅಂದರೆ ಅದು ನಿಮ್ಮದಾಯಿತು. ಓಡದಿದ್ದರೆ ನೀವು ಇಷ್ಟು ಹೊತ್ತು ನೋಡುತ್ತಿದ್ದದ್ದು ಸರ್ವರ್‌ನಲ್ಲಿರುವುದನ್ನೇ.

ವಾಟ್ಸಾಪ್‌ನಲ್ಲಿ ಅಣ್ಣನಿಗೋ ಪೊಲೀಸರಿಗೋ ಕಳಿಸಿದ್ದೇನೆ, ಅಲ್ಲಿದೆ ಅಂತ ನಿಶ್ಚಿಂತೆಯಾಗಬೇಡಿ. ವಿಡಿಯೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ರಾತ್ರಿಯ ಕಪ್ಪು ಬಿಳುಪು ಚಿತ್ರದಲ್ಲಿ ಮೊದಲೇ ಮುಖ ಕಷ್ಟ. ಕುಗ್ಗಿದ ಮೇಲೆ ಮುಖ ಹಿಟ್ಟು ಮೆತ್ತಿದ ಹಾಗೆ ಕಾಣುತ್ತದೆ, ಬೈಕಿನ ನಂಬರ್ ಪ್ಲೇಟು ಬರೀ ಬಿಳಿ ಪಟ್ಟಿಯಾಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಫೈಲ್ ಇದ್ದಂತೆಯೇ ಹೋಗುತ್ತದೆ.

ಊರಿನ ಕೆಲಸ ಗೇಟಿನ ಕ್ಯಾಮೆರಾದ ಕಾರ್ಡ್. ಕ್ಯಾಲೆಂಡರ್‌ನಲ್ಲಿ ಫೆಬ್ರವರಿ 3 ಇನ್ನೂ ಇದೆ ಅಂತ ಕಂಡರೆ, ಆ ಕಾರ್ಡ್ ಇನ್ನು ಬರೆಯುವುದನ್ನು ನಿಲ್ಲಿಸಬೇಕು. ಬೇರೆ ಕಾರ್ಡ್ ಒಂದು ತರಿಸಿಕೊಳ್ಳಿ. ಕ್ಯಾಮೆರಾದಂಥ ಬಳಕೆಗೆ ಅಂತಲೇ ಹೈ ಎಂಡ್ಯೂರೆನ್ಸ್ ಅನ್ನುವ ಹೆಸರಲ್ಲಿ ಸಿಗುತ್ತವೆ, ಅಂಥದ್ದೇ ತಗೊಳ್ಳಿ. ಮೊದಲು ಕ್ಯಾಮೆರಾದ ಸ್ವಿಚ್ ಆಫ್ ಮಾಡಬೇಕು, ಅರ್ಧ ನಿಮಿಷ ಕಾಯಬೇಕು, ಆಮೇಲೆ ಕಾರ್ಡ್ ತೆಗೆಯಬೇಕು. ಬರೆಯುತ್ತಿರುವಾಗಲೇ ಕಿತ್ತರೆ ಕೊನೆಯ ಫೈಲು ಮಾತ್ರ ಕೆಡುವುದಿಲ್ಲ, ಕೆಲವೊಮ್ಮೆ ಇಡೀ ಕಾರ್ಡೇ ಓದಲು ಬರುವುದಿಲ್ಲ. ಹಳೆಯ ಕಾರ್ಡನ್ನು ಒಂದು ಲಕೋಟೆಗೆ ಹಾಕಿ, ಯಾವ ಕ್ಯಾಮೆರಾದ್ದು, ಯಾವ ದಿನ ಎಷ್ಟು ಹೊತ್ತಿಗೆ ತೆಗೆದದ್ದು ಅಂತ ಬರೆದಿಡಿ.

ಒಂದು ಎಚ್ಚರ. ಹೊಸ ಕಾರ್ಡ್ ಹಾಕಿದಾಗ ಆ್ಯಪ್ ಅದನ್ನು ಫಾರ್ಮ್ಯಾಟ್ ಮಾಡಲು ಕೇಳುತ್ತದೆ. ಹೊಸದಕ್ಕೆ ಸರಿ ಅನ್ನಿ. ಆದರೆ ಇದೇ ಪ್ರಶ್ನೆ ಮುಂದೆ ಹಳೆಯ ಕಾರ್ಡನ್ನು ತಿರುಗಿ ಹಾಕಿದಾಗಲೂ ಬರಬಹುದು. ಆಗ ಅಭ್ಯಾಸಬಲದಿಂದ ಸರಿ ಒತ್ತಿದರೆ ಹೋಯಿತು. ಹಾಗೆಯೇ ಕಂಪ್ಯೂಟರಿಗೆ ಹಾಕಿದಾಗ ವಿಂಡೋಸ್ ಕೂಡ ಇದನ್ನೇ ಕೇಳಬಹುದು. ಅಲ್ಲೂ ಬೇಡ ಅನ್ನಿ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಏನು ಕಾಣುತ್ತದೆ ಅನ್ನುವುದು ಕ್ಯಾಮೆರಾ ಮೇಲೆ ಹೋಗುತ್ತದೆ. ಶಿಯೋಮಿಯ ಕ್ಯಾಮೆರಾಗಳಲ್ಲಿ ಇದು ಬಹಳ ಸರಳ. `MIJIA_RECORD_VIDEO` ಅನ್ನುವ ಫೋಲ್ಡರ್ ಇರುತ್ತದೆ, ಅದರೊಳಗೆ ಗಂಟೆಗೊಂದು ಫೋಲ್ಡರ್. ಹೆಸರು ವರ್ಷ, ತಿಂಗಳು, ದಿನ, ಗಂಟೆ ಹೀಗೆ ಜೋಡಿಸಿದ್ದು. `2025020302` ಅಂದರೆ 2025ರ ಫೆಬ್ರವರಿ 3, ಬೆಳಗಿನ ಜಾವ 2 ಗಂಟೆ. ಒಳಗೆ ಒಂದೊಂದು ನಿಮಿಷದ ಎಂಪಿ4 ಫೈಲುಗಳು, ಯಾವ ಪ್ಲೇಯರ್‌ನಲ್ಲಾದರೂ ಓಡುತ್ತವೆ. ಈಜ್‌ವಿಜ್ ಕ್ಯಾಮೆರಾದಲ್ಲಿ ಎನ್‌ಕ್ರಿಪ್ಶನ್ ಆನ್ ಇದ್ದರೆ, ಕ್ಯಾಮೆರಾ ತಳದ ಸ್ಟಿಕರ್ ಮೇಲಿರುವ ಆರು ಅಕ್ಷರದ ವೆರಿಫಿಕೇಶನ್ ಕೋಡ್ ಇಲ್ಲದೆ ವಿಡಿಯೋ ತೆರೆಯುವುದಿಲ್ಲ. ಏಣಿ ಹತ್ತಿದವರಿಗೆ ಆ ಸ್ಟಿಕರಿನ ಫೋಟೋ ತೆಗೆಯಲು ಹೇಳಿ, ಇನ್ನೊಮ್ಮೆ ಹತ್ತುವುದು ತಪ್ಪುತ್ತದೆ. ಇನ್ನು ಕೆಲವು ಕ್ಯಾಮೆರಾಗಳು ತಮ್ಮದೇ ರೀತಿಯಲ್ಲಿ ಬರೆದಿರುತ್ತವೆ. ಕಂಪ್ಯೂಟರ್‌ನಲ್ಲಿ ಒಂದೇ ಅಳತೆಯ ಫೈಲುಗಳ ಸಾಲು ಕಾಣುತ್ತದೆ, ಯಾವುದೂ ತೆರೆಯುವುದಿಲ್ಲ. ಕಾರ್ಡ್ ಹಾಳಾಗಿದೆ ಅಂದುಕೊಳ್ಳಬೇಡಿ. ಅದನ್ನು ಅದೇ ಕ್ಯಾಮೆರಾಗೆ ಹಾಕಿ ಆ್ಯಪ್‌ನಿಂದಲೇ ನೋಡಬೇಕು, ಅಲ್ಲಿಂದಲೇ ಇಳಿಸಬೇಕು. ಹಾಗೆ ನೋಡುವಾಗ ಆ್ಯಪ್‌ನಲ್ಲಿ ರೆಕಾರ್ಡಿಂಗ್ ಆಫ್ ಮಾಡಿಟ್ಟಿರಿ.

ಅದಕ್ಕೇ ನನ್ನ ಸಲಹೆ: ಕಾರ್ಡ್ ಕೀಳುವ ಮುಂಚೆ, ಅದು ಕ್ಯಾಮೆರಾದಲ್ಲಿ ಇರುವಾಗಲೇ, ಆ್ಯಪ್ ಮೂಲಕ ಫೆಬ್ರವರಿ 3ರ ಭಾಗವನ್ನು ಒಮ್ಮೆ ಇಳಿಸಿಕೊಳ್ಳಿ. ಊರಿನ ನೆಟ್ ನಿಧಾನ ಇದ್ದರೆ ತಂದೆಯವರ ಫೋನನ್ನು ಮನೆಯ ವೈಫೈಗೆ ಹಾಕಿ ಅಲ್ಲಿಂದ ಮಾಡುವುದು ಸುಲಭ. ಆಮೇಲೆ ಕಾರ್ಡ್ ತೆಗೆದಿಡಿ.

ಪೊಲೀಸ್ ವಿಷಯ ಬಂದದ್ದರಿಂದ ಒಂದೆರಡು ಮಾತು. 2024ರ ಜುಲೈ 1ರಿಂದ ಸಾಕ್ಷ್ಯದ ಹಳೆಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವಿಡಿಯೋದಂಥ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಅದರ 63ನೇ ಕಲಮಿನ ಪ್ರಕಾರ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದನ್ನು ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಫೈಲಿನ ಹ್ಯಾಶ್ ಬರೆಯಲು ಅದರಲ್ಲಿ ಜಾಗವಿದೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಒಂದೇ ಒಂದು ಬಿಟ್ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಅದನ್ನು ತೆಗೆಯಲು ಬೇರೆ ಸಾಫ್ಟ್‌ವೇರ್ ಬೇಡ. ಫೈಲ್ ಇರುವ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, `gate_feb3.mp4` ಇರುವ ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ ಹೀಗೆ ಟೈಪ್ ಮಾಡಿ:

```
certutil -hashfile gate_feb3.mp4 SHA256
```

ಬರುವ ಉದ್ದನೆಯ ಸಾಲನ್ನು ಇಳಿಸಿದ ದಿನವೇ ಬರೆದಿಟ್ಟುಕೊಳ್ಳಿ. ಆಮೇಲೆ ಆ ಫೈಲನ್ನು ಕತ್ತರಿಸಬೇಡಿ, ಬೆಳಕು ಹೆಚ್ಚಿಸಬೇಡಿ, ಬಾಣದ ಗುರುತು ಹಾಕಬೇಡಿ. ಅದೆಲ್ಲ ಬೇಕಾದರೆ ಇನ್ನೊಂದು ಕಾಪಿ ಮೇಲೆ ಮಾಡಿ. ಮೂಲ ಕಾರ್ಡನ್ನು ಪೊಲೀಸರು ಕೇಳಿದರೆ ಮಹಜರು ಬರೆಸಿ ಕೊಡಿ, ಸುಮ್ನೆ ಕೈಯಲ್ಲಿ ಕೊಟ್ಟು ಬರಬೇಡಿ. ತನಿಖಾಧಿಕಾರಿಗೆ ಮಾರ್ಚ್ 2ರ ಗಡುವನ್ನೂ ಬರೆದು ತಿಳಿಸಿ. ಪೊಲೀಸ್ ತನಿಖೆಯ ಕ್ರಮ ಹೇಳುವ ಹೊಸ ಕಾಯ್ದೆ ಬಿಎನ್‌ಎಸ್‌ಎಸ್‌ನ 94ನೇ ಕಲಮಿನಡಿ ಅವರು ಕಂಪನಿಯಿಂದಲೇ ದಾಖಲೆ ಕೇಳಬಹುದು. ಆದರೆ ಕಂಪನಿ ಕೊಡಲು ಅದರ ಹತ್ತಿರ ಆ ಹೊತ್ತಿಗೆ ವಿಡಿಯೋ ಇರಬೇಕಲ್ಲ.

ಗಂಟೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಕರೆಂಟ್ ಹೋಗಿ ಬರುವುದು ಇದ್ದದ್ದೇ. ಎಷ್ಟೋ ವೈಫೈ ಕ್ಯಾಮೆರಾಗಳ ಒಳಗೆ ಗಡಿಯಾರ ನಡೆಸುವ ಬ್ಯಾಟರಿ ಇರುವುದಿಲ್ಲ. ಕರೆಂಟ್ ಬಂದಾಗ ಅವು ಇಂಟರ್ನೆಟ್‌ನಿಂದ ಹೊತ್ತು ಕೇಳಿ ತಿಳಿದುಕೊಳ್ಳುತ್ತವೆ. ಕರೆಂಟ್ ಬಂದು ನೆಟ್ ಬರದಿದ್ದರೆ ಕೆಲವು ಕ್ಯಾಮೆರಾಗಳು 1970ರ ಜನವರಿ 1 ಅಂತ ಬರೆಯಲು ಶುರು ಮಾಡುತ್ತವೆ. ಆ ರಾತ್ರಿ ಕ್ಲೌಡ್‌ನಲ್ಲಿ ಏನೂ ಇಲ್ಲ, ಕಾರ್ಡಿನ ಫೆಬ್ರವರಿ 3ರಲ್ಲೂ ಇಲ್ಲ ಅಂತಾದರೆ ಕೈಬಿಡುವ ಮುಂಚೆ ಆ ವಿಚಿತ್ರ ತಾರೀಖಿನಲ್ಲಿ ಒಮ್ಮೆ ಹುಡುಕಿ. ನನ್ನ ಅನುಭವದಲ್ಲಿ ಎರಡು ಸಲ ಅಲ್ಲೇ ಸಿಕ್ಕಿದೆ.

ವಿಡಿಯೋ ಕೈಗೆ ಬಂತು ಅಂದುಕೊಳ್ಳೋಣ. ಈಗ ರದ್ದು ಮಾಡುವುದು. ಇಲ್ಲಿ ಮೂರು ಗುಂಡಿಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ, ಅದರಿಂದಲೇ ಅನಾಹುತ.

ಒಂದು, ಮುಂದಿನ ತಿಂಗಳ ನವೀಕರಣ ನಿಲ್ಲಿಸುವುದು. ನಿಮಗೆ ಬೇಕಾದದ್ದು ಇದು. ಗೂಗಲ್ ಪ್ಲೇ ಮೂಲಕ ಕೊಂಡಿದ್ದರೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, `Payments & subscriptions`, ಅದರಲ್ಲಿ `Subscriptions`, ಅಲ್ಲಿ ಆ ಪ್ಲಾನ್ ಆರಿಸಿ `Cancel subscription`. ಹೀಗೆ ಮಾಡಿದರೆ ಕಟ್ಟಿದ ದುಡ್ಡಿನ ಅವಧಿ ಮುಗಿಯುವವರೆಗೂ ಪ್ಲಾನ್ ನಡೆಯುತ್ತದೆ. ನಿಮಗೆ ಅದು ಮಾರ್ಚ್ 2ರವರೆಗೆ. ಕಂಪನಿಯ ಆ್ಯಪ್‌ನಲ್ಲೇ ಯುಪಿಐ ಆಟೋಪೇ ಕೊಟ್ಟಿದ್ದರೆ ಮೊದಲು ಆ ಆ್ಯಪ್‌ನ ಪ್ಲಾನ್ ಪುಟದಲ್ಲಿ ನವೀಕರಣ ಆಫ್ ಮಾಡಿ, ಆಮೇಲೆ ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ಆ ಮ್ಯಾಂಡೇಟನ್ನೂ ರದ್ದು ಮಾಡಿ. ದುಡ್ಡು ಎಲ್ಲಿಂದ ಹೋಗುತ್ತಿದೆ ಗೊತ್ತಿಲ್ಲ ಅಂದರೆ ಹಿಂದಿನ ತಿಂಗಳ ಬ್ಯಾಂಕ್ ಮೆಸೇಜ್ ತೆರೆಯಿರಿ. ಗೂಗಲ್ ಹೆಸರಿದೆಯೋ ಕ್ಯಾಮೆರಾ ಕಂಪನಿಯ ಹೆಸರಿದೆಯೋ ಅದರಲ್ಲೇ ತಿಳಿಯುತ್ತದೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ತಾನಾಗಿ ಕಟ್ ಆಗುವ ಹಣಕ್ಕೆ ಕನಿಷ್ಠ 24 ಗಂಟೆ ಮುಂಚೆ ಸೂಚನೆ ಬರಬೇಕು. ಆ ಸೂಚನೆ ಬಂದ ಮೇಲೆ ಮಾಡೋಣ ಅಂತ ಕಾಯಬೇಡಿ. ಫೆಬ್ರವರಿ 27, 28ಕ್ಕೇ ಮುಗಿಸಿ.

ಎರಡು, ಪ್ಲಾನನ್ನು ತಕ್ಷಣ ಕೊನೆಗೊಳಿಸುವುದು. ಕೆಲವು ಕಂಪನಿಗಳ ಪುಟದಲ್ಲಿ ಇದು ನವೀಕರಣ ನಿಲ್ಲಿಸುವ ಗುಂಡಿಯ ಪಕ್ಕದಲ್ಲೇ ಇರುತ್ತದೆ. ಉಳಿದ ದಿನದ ಹಣ ವಾಪಸ್ ಬರಬಹುದು ಅನ್ನುವ ಆಸೆಗೆ ಇದನ್ನು ಒತ್ತಿದರೆ ವಿಡಿಯೋಗಳೂ ಅವತ್ತೇ ಹೋಗಬಹುದು. ಗುಂಡಿ ಒತ್ತುವ ಮುಂಚೆ ಕೆಳಗಿನ ಸಣ್ಣ ಅಕ್ಷರ ಓದಿ. ಯಾವ ತಾರೀಖಿನವರೆಗೆ ನೋಡಬಹುದು ಅಂತ ಅಲ್ಲಿ ಬರೆದಿರುತ್ತದೆ. ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಮೂರು, ಕ್ಯಾಮೆರಾವನ್ನೇ ಖಾತೆಯಿಂದ ತೆಗೆಯುವುದು, ಆ್ಯಪ್‌ನಲ್ಲಿ `Remove Device` ಅಂತಲೋ `Delete Device` ಅಂತಲೋ ಇರುತ್ತದೆ. ಇದು ಎಲ್ಲಕ್ಕಿಂತ ಕೆಟ್ಟದ್ದು. ಹೀಗೆ ಮಾಡಿದರೆ ಆ ಕ್ಯಾಮೆರಾಗೆ ಸೇರಿದ ಕ್ಲೌಡ್ ವಿಡಿಯೋಗಳು ಸಾಮಾನ್ಯವಾಗಿ ಹೋಗುತ್ತವೆ, ಆದರೆ ದುಡ್ಡು ಕಟ್ ಆಗುವುದು ನಿಲ್ಲದೆಯೂ ಇರಬಹುದು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೂ ಅಷ್ಟೆ, ಪ್ಲೇ ಸ್ಟೋರ್‌ನ ಚಂದಾ ಅದರಿಂದ ರದ್ದಾಗುವುದಿಲ್ಲ. ನಮ್ಮ ಸಂಬಂಧಿಕರೊಬ್ಬರು ಹೀಗೆ ಕ್ಯಾಮೆರಾ ತೆಗೆದುಹಾಕಿ, ಎಲ್ಲ ಮುಗಿಯಿತು ಅಂದುಕೊಂಡು, ಗೊತ್ತಿಲ್ಲದೆಯೇ ನಾಲ್ಕು ತಿಂಗಳು ದುಡ್ಡು ಕಟ್ಟಿದರು. ಹೋದ ಕ್ಲೌಡ್ ವಿಡಿಯೋಗಳಲ್ಲಿ ಅವರ ಮಗಳು ಮೊದಲ ಸಲ ಅಂಗಳದಲ್ಲಿ ನಡೆದ ತುಣುಕಿತ್ತು. ಅದನ್ನು ತೆಗೆದುಕೊಡಲು ನನ್ನಿಂದ ಆಗಲಿಲ್ಲ. ಇದನ್ನು ಬರೆಯುವಾಗಲೂ ಅದು ನೆನಪಿಗೆ ಬರುತ್ತಿದೆ.

ಪ್ಲಾನ್ ಮುಗಿದ ಮೇಲೂ ನಿಮ್ಮ ಕ್ಯಾಮೆರಾ ನಿಲ್ಲುವುದಿಲ್ಲ. ನೀವು ಬೆಂಗಳೂರಿನಿಂದ ಲೈವ್ ನೋಡಬಹುದು, ಕಾರ್ಡಿಗೆ ರೆಕಾರ್ಡ್ ಆಗುತ್ತದೆ, ಕಾರ್ಡಿನಲ್ಲಿದ್ದದ್ದನ್ನು ದೂರದಿಂದ ನೋಡಲೂಬಹುದು. ಅಲುಗಾಟದ ಸೂಚನೆ ಸಾಮಾನ್ಯವಾಗಿ ಬರುತ್ತದೆ, ಆದರೆ ಅದರ ಜೊತೆಗಿನ ಚಿತ್ರ ಹೋಗಬಹುದು. ಮನುಷ್ಯ, ವಾಹನ ಅಂತ ಬೇರ್ಪಡಿಸಿ ಹೇಳುವುದು ಕೆಲವು ಕ್ಯಾಮೆರಾದಲ್ಲಿ ಪ್ಲಾನಿಗೆ ಸೇರಿದ್ದು, ಕೆಲವದರಲ್ಲಿ ಉಚಿತ. ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ರಿಂಗ್ ಡೋರ್‌ಬೆಲ್‌ಗೆ ಈ ಮಾತು ಹೊಂದುವುದಿಲ್ಲ. ಅದರಲ್ಲಿ ಕಾರ್ಡಿಗೆ ಜಾಗವೇ ಇಲ್ಲ. ಪ್ಲಾನ್ ಇಲ್ಲದಿದ್ದರೆ ಲೈವ್ ಮತ್ತು ಸೂಚನೆ ಮಾತ್ರ, ರೆಕಾರ್ಡಿಂಗ್ ಉಳಿಯುವುದಿಲ್ಲ. ಗೂಗಲ್ ನೆಸ್ಟ್‌ನ ಈಚಿನ ಕ್ಯಾಮೆರಾಗಳು ಪ್ಲಾನ್ ಇಲ್ಲದೆ ಕೆಲವೇ ಗಂಟೆಯಷ್ಟು ಹಿಂದಿನದನ್ನು ತೋರಿಸುತ್ತವೆ. ಅಲ್ಲಿಯ ಗೆಳೆಯರು ಹೇಳಿದ್ದನ್ನು ಕೇಳಿ ಇಲ್ಲಿ, ಇಲ್ಲಿಯವರು ಹೇಳಿದ್ದನ್ನು ಕೇಳಿ ಅಲ್ಲಿ ನಿರ್ಧಾರ ಮಾಡಬಾರದು.

ನೀವು ನಿಜವಾಗಿ ಕಳೆದುಕೊಳ್ಳುವುದು ಒಂದನ್ನು. ಕಳ್ಳ ಕ್ಯಾಮೆರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಅವನ ಜೊತೆ ಹೋಗುತ್ತದೆ. ಕ್ಲೌಡ್ ಇದ್ದಿದ್ದರೆ ಕಿತ್ತ ಕ್ಷಣದವರೆಗಿನ ಮುಖ ಉಳಿದಿರುತ್ತಿತ್ತು. ಗೇಟಿನ ಕ್ಯಾಮೆರಾ ಕೈಗೆಟುಕುವ ಎತ್ತರದಲ್ಲಿದೆಯಾ? ಹಾಗಿದ್ದರೆ ಅದೊಂದಕ್ಕೆ ಪ್ಲಾನ್ ಉಳಿಸಿ, ಅಂಗಳದ್ದನ್ನು ನಿಲ್ಲಿಸುವುದು ಸರಿ ಅಂತ ನನಗನ್ನಿಸುತ್ತದೆ. ಇಲ್ಲವೇ ಮನೆಯೊಳಗೆ ಬೀಗ ಹಾಕಿದ ಕೋಣೆಯಲ್ಲಿ ಒಂದು ಸಣ್ಣ ಎನ್‌ವಿಆರ್, ಅಂದರೆ ಎಲ್ಲ ಕ್ಯಾಮೆರಾದ ವಿಡಿಯೋ ಒಂದೇ ಕಡೆ ರೆಕಾರ್ಡ್ ಮಾಡುವ ಪೆಟ್ಟಿಗೆ, ಇಟ್ಟು ಎರಡನ್ನೂ ಅದಕ್ಕೆ ಸೇರಿಸಬಹುದು. ನಿಮ್ಮ ಕ್ಯಾಮೆರಾದ ವಿವರದಲ್ಲಿ ಓಎನ್‌ವಿಐಎಫ್ ಅಥವಾ ಆರ್‌ಟಿಎಸ್‌ಪಿ ಅಂತ ಬರೆದಿದ್ದರೆ ಮಾತ್ರ ಇದು ಸಾಧ್ಯ. ಅಂಗಳದ ಕ್ಯಾಮೆರಾಗೆ ಅಡಿಕೆ ಒಣಗುವ ದಿನಗಳಲ್ಲಾದರೂ 64 ಜಿಬಿ ಸಾಲದು. ಕ್ಯಾಮೆರಾ ಒಪ್ಪುವುದಾದರೆ 256 ಜಿಬಿ ಹಾಕಿ. ಮೂರೂವರೆ ದಿನ ಎರಡು ವಾರವಾಗುತ್ತದೆ. ಕಳುವು ಗೊತ್ತಾಗಿ, ದೂರು ಕೊಟ್ಟು, ಪೊಲೀಸರು ಬಂದು ನೋಡುವಷ್ಟು ಸಮಯ ಅದರಲ್ಲಿ ಸಿಗುತ್ತದೆ.

ಕೊನೆಯದು ಕಾರ್ಡಿನ ಆರೋಗ್ಯ. ಕ್ಲೌಡ್ ಹೋದ ಮೇಲೆ ನಿಮಗೆ ಇರುವುದು ಅದೊಂದೇ. ಕಾರ್ಡ್ ಸವೆದಾಗ ಎಷ್ಟೋ ಸಲ ಹೊಸದನ್ನು ಬರೆಯಲು ಬಿಡುವುದಿಲ್ಲ, ಹಳೆಯದನ್ನು ಮಾತ್ರ ತೋರಿಸುತ್ತಿರುತ್ತದೆ. ನಮ್ಮ ಮನೆಯ ಹಿತ್ತಲ ಕ್ಯಾಮೆರಾದ ಆ್ಯಪ್ ಕಾರ್ಡ್ ಚೆನ್ನಾಗಿದೆ ಅಂತಲೇ ತೋರಿಸುತ್ತಿತ್ತು. ತೆರೆದು ನೋಡಿದರೆ ಕೊನೆಯ ರೆಕಾರ್ಡಿಂಗ್ ಎರಡು ತಿಂಗಳ ಹಿಂದಿನದು. ಆದ್ದರಿಂದ ಸ್ಟೇಟಸ್ ನಂಬಬೇಡಿ, ನಿನ್ನೆ ರಾತ್ರಿಯ ಎರಡು ಗಂಟೆಯ ವಿಡಿಯೋ ಓಡಿಸಿ ನೋಡಿ. ಮಾರ್ಚ್ 3ರ ಬೆಳಿಗ್ಗೆ ಎರಡೂ ಕ್ಯಾಮೆರಾದಲ್ಲಿ ಇದನ್ನು ಮಾಡಿ. ಆಮೇಲೆ ತಿಂಗಳಿಗೊಮ್ಮೆ, ಮತ್ತು ಊರಿನಲ್ಲಿ ಕರೆಂಟ್ ಹೋಗಿ ಬಂತು ಅಂತ ಅಮ್ಮ ಫೋನಿನಲ್ಲಿ ಹೇಳಿದಾಗಲೆಲ್ಲ ಒಮ್ಮೆ.